ಫೈನಲ್ ಇಯರ್‌ನವರಿಗೆ ಮಾಕ್ ಇಂಟರ್‌ವ್ಯೂ: ಸ್ಲಾಟ್ ಲೆಕ್ಕದಿಂದ ಎರಡನೇ ಸುತ್ತಿನವರೆಗೆ, ಟ್ರೈನಿಂಗ್ ಸೆಲ್‌ಗೊಂದು ಸಮಗ್ರ ಮಾರ್ಗದರ್ಶಿ

ಕಾಲೇಜಿನ ಟ್ರೈನಿಂಗ್ ಸೆಲ್ ನಡೆಸುವ ಮಾಕ್ ಇಂಟರ್‌ವ್ಯೂ ಹೆಚ್ಚಾಗಿ ಕೆಡುವುದು ಎರಡು ಕಡೆ. ಒಂದು, ಇಂಟರ್‌ವ್ಯೂ ಮಾಡಿದವರು ಕೊನೆಗೆ ಬರೆದುಕೊಡುವುದು “ಗುಡ್, ಕಮ್ಯುನಿಕೇಶನ್ ಸುಧಾರಿಸಬೇಕು” ಎಂಬಷ್ಟೇ ಮಾತು. ಅದನ್ನು ಓದಿದ ವಿದ್ಯಾರ್ಥಿಗೆ ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಇನ್ನೊಂದು, ಮೊದಲ ಕಂಪನಿ ಕ್ಯಾಂಪಸ್‌ಗೆ ಬರುವ ಹಿಂದಿನ ವಾರ ಇದನ್ನು ಇಟ್ಟುಕೊಂಡಿರುತ್ತಾರೆ. ತಪ್ಪು ಗೊತ್ತಾದರೂ ತಿದ್ದಿಕೊಳ್ಳಲು ದಿನಗಳಿರುವುದಿಲ್ಲ. ಕೆಳಗಿನ ಕ್ರಮವೆಲ್ಲ ಈ ಎರಡು ತೊಂದರೆ ಬಾರದಂತೆ ಹಿಂದಿನಿಂದ ಲೆಕ್ಕ ಹಾಕಿ ಕಟ್ಟಿದ್ದು.

ಉದಾಹರಣೆಗೆ ಒಂದು ಲೆಕ್ಕ ಇಟ್ಟುಕೊಳ್ಳೋಣ. ಶಿವಮೊಗ್ಗದಂಥ ಜಿಲ್ಲಾ ಕೇಂದ್ರದ, ವಿಟಿಯು ಅಧೀನದ ಎಂಜಿನಿಯರಿಂಗ್ ಕಾಲೇಜು. ಹೆಸರು ಕೊಟ್ಟ ಫೈನಲ್ ಇಯರ್ ವಿದ್ಯಾರ್ಥಿಗಳು 96 ಮಂದಿ: ಕಂಪ್ಯೂಟರ್ ಸೈನ್ಸ್ ಮತ್ತು ಇನ್‌ಫರ್ಮೇಶನ್ ಸೈನ್ಸ್ ಸೇರಿ 42, ಎಲೆಕ್ಟ್ರಾನಿಕ್ಸ್ 30, ಮೆಕ್ಯಾನಿಕಲ್ 24. ಇಂಟರ್‌ವ್ಯೂ ಮಾಡುವವರು ಹಳೆಯ ವಿದ್ಯಾರ್ಥಿಗಳು ಮತ್ತು ಸುತ್ತಮುತ್ತಲಿನ ಉದ್ಯಮಗಳಲ್ಲಿ ಕೆಲಸ ಮಾಡುವವರು. ಯಾರಿಗೂ ಸಂಭಾವನೆ ಇಲ್ಲ.

ದಿನಾಂಕ ಗೊತ್ತು ಮಾಡುವುದು

ಮೊದಲ ಕಂಪನಿ ಯಾವಾಗ ಬರುತ್ತದೆ ಎಂಬುದರಿಂದ ಹಿಂದಕ್ಕೆ ಎಂಟು ವಾರ ಎಣಿಸಿ. ಅದರಲ್ಲಿ ನಾಲ್ಕು ವಾರ ತಯಾರಿಗೆ. ಅದು ಮುಗಿದ ಮೇಲೆ ಒಂದರ ಹಿಂದೊಂದು ಎರಡು ಶನಿವಾರ ಮೊದಲ ಸುತ್ತು. ನಂತರ ಮೂರು ವಾರ ಬಿಟ್ಟು ಇನ್ನೊಂದು ಶನಿವಾರ ಎರಡನೇ ಸುತ್ತು. ಎಂಟು ವಾರ ಸಿಗದಿದ್ದರೆ ತಯಾರಿಯ ನಾಲ್ಕು ವಾರವನ್ನು ಎರಡಕ್ಕೆ ಇಳಿಸಿ, ಆದರೆ ಎರಡು ಸುತ್ತುಗಳ ನಡುವಿನ ಮೂರು ವಾರವನ್ನು ಮುಟ್ಟಬೇಡಿ. ವಿದ್ಯಾರ್ಥಿ ನಿಜವಾಗಿ ಸುಧಾರಿಸುವುದು ಆ ಅವಧಿಯಲ್ಲೇ.

ದಿನಾಂಕ ಬರೆಯುವ ಮೊದಲು ಮೂರು ಪಟ್ಟಿ ನೋಡಿ: ಕಾಲೇಜಿನ ಇಂಟರ್ನಲ್ಸ್ ವೇಳಾಪಟ್ಟಿ, ಬ್ಯಾಕ್‌ಲಾಗ್ ಪರೀಕ್ಷೆಯ ವೇಳಾಪಟ್ಟಿ, ಹಬ್ಬದ ರಜೆ. ಗಣೇಶನ ಹಬ್ಬ ಅಥವಾ ದಸರಾಕ್ಕೆ ಅಂಟಿಕೊಂಡ ಶನಿವಾರ ಹಾಸ್ಟೆಲ್ ಖಾಲಿ, ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಊರಿನ ದಾರಿಯಲ್ಲಿರುತ್ತಾರೆ. ಇಂಟರ್ನಲ್ಸ್ ಮುಂದಿನ ಸೋಮವಾರ ಇದೆ ಎಂದಾದರೆ ವಿದ್ಯಾರ್ಥಿಗಳು ಬರುತ್ತಾರೆ, ಆದರೆ ತಯಾರಿ ಇಲ್ಲದೆ ಬರುತ್ತಾರೆ.

ಸ್ಲಾಟ್ ಎಷ್ಟು ಹೊತ್ತಿನದು

ಒಂದು ಸ್ಲಾಟ್‌ಗೆ 45 ನಿಮಿಷ ಕೊಡಿ. ಅದರಲ್ಲಿ 25 ನಿಮಿಷ ಇಂಟರ್‌ವ್ಯೂ, 10 ನಿಮಿಷ ಬಾಯಿಮಾತಿನ ಫೀಡ್‌ಬ್ಯಾಕ್, 5 ನಿಮಿಷ ಫಾರ್ಮ್ ತುಂಬಲು, ಉಳಿದ 5 ನಿಮಿಷ ಒಬ್ಬರು ಹೋಗಿ ಮತ್ತೊಬ್ಬರು ಬರಲು. “ಹದಿನೈದು ನಿಮಿಷ ಸಾಕು, ಎಲ್ಲರಿಗೂ ಸಿಕ್ಕಿದಂತಾಗುತ್ತದೆ” ಎಂಬ ಒತ್ತಾಯ ವಿಭಾಗಗಳ ಕಡೆಯಿಂದ ಬಂದೇ ಬರುತ್ತದೆ. ಒಪ್ಪಬೇಡಿ. ಹದಿನೈದು ನಿಮಿಷದಲ್ಲಿ ಪರಿಚಯ, ಪ್ರಾಜೆಕ್ಟ್‌ನ ಹೆಸರು, ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಹೊತ್ತು ಆಗಿರುತ್ತದೆ. ವಿದ್ಯಾರ್ಥಿಯ ಬಾಯಿಪಾಠ ಮುಗಿದು ಅವನ ನಿಜವಾದ ತಿಳಿವಳಿಕೆ ಹೊರಗೆ ಬರುವುದು ಒಂದೇ ವಿಷಯದ ಮೇಲೆ ಮೂರನೇ ಪ್ರಶ್ನೆ ಬಿದ್ದಾಗ. ಅಲ್ಲಿಗೆ ತಲುಪಲು ಇಪ್ಪತ್ತು ನಿಮಿಷವಾದರೂ ಬೇಕು.

ಅರ್ಧ ದಿನದ ವೇಳೆ ಹೀಗೆ ಕೂಡುತ್ತದೆ:

9:30–10:15
10:15–11:00
11:00–11:45
ಹದಿನೈದು ನಿಮಿಷ ಟೀ
12:00–12:45
12:45–1:30

ಹೀಗೆ ಒಬ್ಬರಿಗೆ ದಿನಕ್ಕೆ ಐದು ವಿದ್ಯಾರ್ಥಿಗಳು. ಊಟದ ನಂತರವೂ ಅವರನ್ನೇ ಕೂರಿಸಿಕೊಳ್ಳುವ ಆಸೆ ಬೇಡ. ಆರನೆಯವರ ಹೊತ್ತಿಗೆ ಅದೇ ಪ್ರಶ್ನೆಗಳನ್ನು ಕೇಳಲು ಶುರುಮಾಡುತ್ತಾರೆ, ಫಾರ್ಮ್‌ನಲ್ಲಿ ಬರೆಯುವ ಸಾಲುಗಳು ಚಿಕ್ಕದಾಗುತ್ತವೆ. ಬೆಳಗಿನ ಮೊದಲ ಫಾರ್ಮ್ ಮತ್ತು ಸಂಜೆಯ ಕೊನೆಯ ಫಾರ್ಮ್ ಪಕ್ಕಪಕ್ಕ ಇಟ್ಟು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಒಬ್ಬರು ಅರ್ಧ ದಿನ ಕೂತು ಐದು ಮಂದಿಯನ್ನು ನೋಡುವುದನ್ನು ಒಂದು ಪ್ಯಾನೆಲ್ ಎನ್ನೋಣ. ನಮ್ಮ ಲೆಕ್ಕದಲ್ಲಿ 42 ಕಂಪ್ಯೂಟರ್ ವಿದ್ಯಾರ್ಥಿಗಳಿಗೆ 9 ಪ್ಯಾನೆಲ್, 30 ಎಲೆಕ್ಟ್ರಾನಿಕ್ಸ್‌ನವರಿಗೆ 6, 24 ಮೆಕ್ಯಾನಿಕಲ್‌ನವರಿಗೆ 5, ಒಟ್ಟು 20 ಪ್ಯಾನೆಲ್. ಎರಡು ಶನಿವಾರಕ್ಕೆ ಹತ್ತು ಹತ್ತು. ಸ್ಲಾಟ್‌ಗಳು 100, ವಿದ್ಯಾರ್ಥಿಗಳು 96. ಉಳಿಯುವ ನಾಲ್ಕು ಸ್ಲಾಟ್ ಯಾರಿಗೂ ಮೊದಲೇ ಕೊಡಬೇಡಿ. ಜ್ವರ ಬಂದವರು, ಬಸ್ ತಪ್ಪಿಸಿಕೊಂಡವರು ಇದ್ದೇ ಇರುತ್ತಾರೆ. ಜೊತೆಗೆ ಪ್ರತಿ ಶನಿವಾರಕ್ಕೆ ಇಬ್ಬರು ಕಾಯ್ದಿರಿಸಿದ ಸ್ವಯಂಸೇವಕರು ಬೇಕು, ಒಬ್ಬರು ಸಾಫ್ಟ್‌ವೇರ್ ಕಡೆಯವರು, ಒಬ್ಬರು ಕೋರ್ ಶಾಖೆಯವರು. ಅಂದರೆ ಒಟ್ಟು 24 ಮಂದಿ. ಒಬ್ಬರೇ ಎರಡೂ ಶನಿವಾರ ಬಂದರೆ ಸಂಖ್ಯೆ ಇಳಿಯುತ್ತದೆ.

ಸ್ವಯಂಸೇವಕರನ್ನು ಹುಡುಕುವುದು

ಮೂರರಿಂದ ಹತ್ತು ವರ್ಷ ಕೆಲಸ ಮಾಡಿದವರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದವರು ಇನ್ನೂ ಮೇಜಿನ ಆ ಕಡೆ ಕುಳಿತಿರುವುದಿಲ್ಲ, ತಮಗೆ ಕೇಳಿದ ಪ್ರಶ್ನೆಗಳನ್ನೇ ಮತ್ತೆ ಕೇಳುತ್ತಾರೆ. ಇಪ್ಪತ್ತು ವರ್ಷ ದಾಟಿದವರಲ್ಲಿ ಹಲವರು ಹೊಸಬರನ್ನು ಇಂಟರ್‌ವ್ಯೂ ಮಾಡುವುದು ಬಿಟ್ಟು ಬಹಳ ಕಾಲವಾಗಿರುತ್ತದೆ, ಮಾತು ಜೀವನಾನುಭವದ ಕಡೆ ಹೊರಳುತ್ತದೆ. ಅವರನ್ನು ಬೇರೆ ದಿನ ಉಪನ್ಯಾಸಕ್ಕೆ ಕರೆಯಿರಿ.

ಸಾಫ್ಟ್‌ವೇರ್‌ಗೆ ಜನ ಸಿಗುವುದು ಕಷ್ಟವಲ್ಲ. ಕೊರತೆ ಬೀಳುವುದು ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್‌ಗೆ. ಆಗ ಸಾಫ್ಟ್‌ವೇರ್‌ನವರನ್ನೇ ಅಲ್ಲಿ ಕೂರಿಸಿಬಿಡುವುದುಂಟು, ಮೆಕ್ಯಾನಿಕಲ್ ಹುಡುಗ ಇಪ್ಪತ್ತೈದು ನಿಮಿಷ “ನಿನ್ನ ಬಲ, ದೌರ್ಬಲ್ಯ ಏನು” ಎಂಬುದಕ್ಕೆ ಉತ್ತರಿಸಿ ಎದ್ದು ಬರುತ್ತಾನೆ. ಅದರ ಬದಲು ಊರಿನ ಕೈಗಾರಿಕಾ ಪ್ರದೇಶಕ್ಕೇ ಹೋಗಿ ಕೇಳಿ. ಶಿವಮೊಗ್ಗದವರಿಗೆ ಮಾಚೇನಹಳ್ಳಿ ಇದೆ, ಬೆಳಗಾವಿಯವರಿಗೆ ಫೌಂಡ್ರಿಗಳಿವೆ, ಬೆಂಗಳೂರಿನವರಿಗೆ ಪೀಣ್ಯ, ಬೊಮ್ಮಸಂದ್ರ ಇವೆ. ಪ್ರೊಡಕ್ಷನ್ ಅಥವಾ ಕ್ವಾಲಿಟಿ ವಿಭಾಗದ ಎಂಜಿನಿಯರ್ ಒಬ್ಬರು ವರ್ನಿಯರ್ ಕೈಗೆ ಕೊಟ್ಟು “ಅಳೆದು ತೋರಿಸು” ಎಂದರೆ ಅದೇ ದೊಡ್ಡ ಇಂಟರ್‌ವ್ಯೂ. ಇಂಥವರಲ್ಲಿ ಅನೇಕರಿಗೆ ಶನಿವಾರವೂ ಕೆಲಸವಿರುತ್ತದೆ. ಅವರ ಮೇಲಿನವರಿಗೆ ಪ್ರಿನ್ಸಿಪಾಲರ ಸಹಿಯ ಪತ್ರ ಕೊಟ್ಟು ಅರ್ಧ ದಿನದ ಬಿಡುವು ಕೇಳಿ, ಪತ್ರ ಮೂರು ವಾರ ಮೊದಲು ಹೋಗಬೇಕು.

24 ಮಂದಿ ಬೇಕಿದ್ದರೆ ಕನಿಷ್ಠ 48 ಮಂದಿಯನ್ನು ಕೇಳಿ. ಅಲುಮ್ನಿ ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿ ಕುಳಿತರೆ ಥಂಬ್ಸ್ ಅಪ್ ಬರುತ್ತದೆ, ಜನ ಬರುವುದಿಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ, ಅವರ ಹೆಸರು ಹಿಡಿದು ಬರೆಯಬೇಕು. ಅವರಿಗೆ ಪಾಠ ಮಾಡಿದ ಮೇಷ್ಟ್ರಿಂದ ಒಂದು ಫೋನ್ ಹೋದರೆ ಇನ್ನೂ ಒಳ್ಳೆಯದು. ಪತ್ರದಲ್ಲಿ ಎಷ್ಟು ಗಂಟೆಯ ಕೆಲಸ, ಎಷ್ಟು ಜನ, ಏನು ಮಾಡಬೇಕು, ಎಂದಿನೊಳಗೆ ಉತ್ತರ ಬೇಕು ಎಂಬುದಿದ್ದರೆ ಸಾಕು:

“ನಮಸ್ಕಾರ ಸರ್. ಕಾಲೇಜಿನ ಟ್ರೈನಿಂಗ್ ಸೆಲ್‌ನಿಂದ ಬರೆಯುತ್ತಿದ್ದೇವೆ. ಫೈನಲ್ ಇಯರ್ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಮಾಕ್ ಇಂಟರ್‌ವ್ಯೂ ಇಟ್ಟುಕೊಂಡಿದ್ದೇವೆ. ಶನಿವಾರ ಬೆಳಗ್ಗೆ 9:30ರಿಂದ 1:30ರವರೆಗೆ ಐದು ವಿದ್ಯಾರ್ಥಿಗಳನ್ನು ನೀವು ಇಂಟರ್‌ವ್ಯೂ ಮಾಡಿ, ಪ್ರತಿಯೊಬ್ಬರಿಗೂ ಒಂದು ಪುಟದ ಫೀಡ್‌ಬ್ಯಾಕ್ ಬರೆದುಕೊಡಬೇಕು. ಕಾಲೇಜಿಗೆ ಬರಬಹುದು, ಇಲ್ಲವೇ ಆನ್‌ಲೈನ್‌ನಲ್ಲೂ ಮಾಡಬಹುದು. ಅದಕ್ಕೆ ಮೊದಲು ಗುರುವಾರ ರಾತ್ರಿ 8:30ಕ್ಕೆ ಅರ್ಧ ಗಂಟೆಯ ಒಂದು ಆನ್‌ಲೈನ್ ಮಾತುಕತೆ ಇರುತ್ತದೆ. ಈ ಭಾನುವಾರದೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ತಿಳಿಸಿದರೆ ಉಪಕಾರವಾಗುತ್ತದೆ.”

“ಆಗುವುದಿಲ್ಲ” ಎಂದು ಹೇಳಲು ದಾರಿ ಬಿಟ್ಟಿರುವುದು ಬೇಕೆಂದೇ. ದಾಕ್ಷಿಣ್ಯಕ್ಕೆ ಹೂಂ ಎಂದವರು ಶುಕ್ರವಾರ ರಾತ್ರಿ ಕೈಕೊಡುತ್ತಾರೆ.

ಬೆಂಗಳೂರಿನಲ್ಲಿರುವವರಿಗೆ ಆನ್‌ಲೈನ್ ಇಟ್ಟು, ಊರಿನಲ್ಲಿರುವವರನ್ನು ಕಾಲೇಜಿಗೆ ಕರೆಸುವುದು ಅನುಕೂಲ. ಆದರೆ ಆನ್‌ಲೈನ್ ಎಂದರೆ ವಿದ್ಯಾರ್ಥಿ ಮನೆಯಿಂದ ಕೂರುವುದಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ, ಲ್ಯಾನ್ ಕೇಬಲ್ ಇರುವ, ಯುಪಿಎಸ್‌ಗೆ ಸೇರಿಸಿದ ಸಿಸ್ಟಮ್ ಮುಂದೆ, ಹೆಡ್‌ಸೆಟ್ ಹಾಕಿಕೊಂಡು ಕೂರಬೇಕು. ಒಂದೇ ಲ್ಯಾಬ್‌ನಲ್ಲಿ ಆರು ಜನ ಒಟ್ಟಿಗೆ ಮಾತಾಡಿದರೆ ಯಾರಿಗೂ ಏನೂ ಕೇಳಿಸದು. ಒಂದು ಕೋಣೆಗೆ ಇಬ್ಬರು, ಅದೂ ಎದುರು ಬದುರಿನ ಮೂಲೆಯಲ್ಲಿ. ಕೋಡ್ ಬರೆಯಲು ಅಥವಾ ಚಿತ್ರ ಬಿಡಿಸಲು ಬಿಳಿ ಹಾಳೆ ಇಟ್ಟಿರಿ, ಬರೆದ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದರೆ ಸಾಕು.

ಸ್ಲಾಟ್ ಹಂಚುವುದು

ಮೊದಲು ಬಂದವರಿಗೆ ಮೊದಲು ಎಂದು ಗೂಗಲ್ ಫಾರ್ಮ್ ಬಿಟ್ಟರೆ ಚುರುಕಾದ ವಿದ್ಯಾರ್ಥಿಗಳು ಹತ್ತು ನಿಮಿಷದಲ್ಲಿ ಒಳ್ಳೆಯ ಹೊತ್ತನ್ನೂ ಒಳ್ಳೆಯ ಕಂಪನಿಯವರನ್ನೂ ಹಿಡಿದುಕೊಳ್ಳುತ್ತಾರೆ. ಹಿಂಜರಿಯುವವರು, ಅಂದರೆ ಇದು ಹೆಚ್ಚು ಬೇಕಾಗಿರುವವರೇ, ಕೊನೆಗೆ ಉಳಿಯುತ್ತಾರೆ ಅಥವಾ ಹೆಸರೇ ಕೊಡುವುದಿಲ್ಲ. ಆದ್ದರಿಂದ ಸ್ಲಾಟ್ ಅನ್ನು ಸೆಲ್ ತಾನೇ ಹಂಚಲಿ. ಪಟ್ಟಿ ಸೋಮವಾರ ಹಾಕಿ, ಬುಧವಾರ ಸಂಜೆ ಐದರವರೆಗೆ ಪರಸ್ಪರ ಒಪ್ಪಿ ಅದಲು ಬದಲು ಮಾಡಿಕೊಳ್ಳಲು ಬಿಡಿ, ಆಮೇಲೆ ಬೀಗ.

ಹಂಚುವಾಗ ಒಂದು ನಿಯಮ ತಪ್ಪದೆ ಪಾಲಿಸಿ: ಒಂದೇ ಪ್ರಾಜೆಕ್ಟ್ ತಂಡದವರನ್ನು ಬೇರೆ ಬೇರೆ ಪ್ಯಾನೆಲ್‌ಗೆ, ಆದರೆ ಒಂದೇ ವೇಳೆಗೆ ಹಾಕಬೇಕು. ಒಂದೇ ಪ್ಯಾನೆಲ್‌ಗೆ ಒಬ್ಬರ ಹಿಂದೊಬ್ಬರು ಹೋದರೆ ಮೊದಲನೆಯವನು ಹೊರಗೆ ಬಂದು ಪ್ರಶ್ನೆಗಳನ್ನು ಹೇಳುತ್ತಾನೆ, ನಾಲ್ಕನೆಯವನು ಅದೇ ಪ್ರಾಜೆಕ್ಟ್ ಬಗ್ಗೆ ಅದ್ಭುತವಾಗಿ ಮಾತಾಡುತ್ತಾನೆ. ಒಂದೇ ವೇಳೆಗೆ ನಾಲ್ಕು ಕಡೆ ಕೂತರೆ ಪ್ರಾಜೆಕ್ಟ್‌ನಲ್ಲಿ ಯಾರ ಕೈ ಎಷ್ಟಿತ್ತು ಎಂಬುದು ಅವರವರಿಗೇ ಸ್ಪಷ್ಟವಾಗುತ್ತದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ದಿನಕ್ಕೆ ಮೂರೇ ಪ್ಯಾನೆಲ್ ಇರುವುದರಿಂದ ನಾಲ್ವರ ತಂಡದ ಒಬ್ಬನನ್ನು ಇನ್ನೊಂದು ಶನಿವಾರಕ್ಕೆ ಹಾಕಬೇಕಾಗುತ್ತದೆ. ಅವನಿಗೆ ಮೊದಲ ಶನಿವಾರ ಬಂದವರಲ್ಲದ ಬೇರೆಯವರು ಸಿಗುವಂತೆ ನೋಡಿಕೊಳ್ಳಿ.

ಗೂಗಲ್ ಶೀಟ್‌ನಲ್ಲಿ ಐದು ಕಾಲಂ ಸಾಕು: `A` ಯುಎಸ್‌ಎನ್, `B` ದಿನಾಂಕ, `C` ವೇಳೆ, `D` ಪ್ಯಾನೆಲ್ ಸಂಖ್ಯೆ, `E` ತಂಡದ ಸಂಖ್ಯೆ. ಅದಲು ಬದಲು ಶುರುವಾದ ಮೇಲೆ ಒಂದೇ ಸ್ಲಾಟ್ ಇಬ್ಬರಿಗೆ ಬೀಳುವುದು ಮಾಮೂಲಿ. ಅದನ್ನು ಹಿಡಿಯಲು `F2`ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=COUNTIFS($B$2:$B$101,B2,$C$2:$C$101,C2,$D$2:$D$101,D2)
```

ಉತ್ತರ 1ಕ್ಕಿಂತ ಹೆಚ್ಚು ಬಂದ ಸಾಲುಗಳಲ್ಲಿ ಡಿಕ್ಕಿಯಿದೆ ಎಂದರ್ಥ. ಒಬ್ಬ ವಿದ್ಯಾರ್ಥಿಯ ಹೆಸರು ಎರಡು ಸಲ ಸೇರಿದೆಯೇ ಎಂದು ನೋಡಲು `G2`ನಲ್ಲಿ:

```
=COUNTIF($A$2:$A$101,A2)
```

ಶೀಟ್ ತಿದ್ದುವ ಅಧಿಕಾರ ಇಬ್ಬರಿಗೆ ಮಾತ್ರ ಇರಲಿ, ಉಳಿದವರಿಗೆ ನೋಡಲು ಮಾತ್ರ. ಎಲ್ಲರೂ ನೋಡುವ ಪ್ರತಿಯಲ್ಲಿ ಫೋನ್ ನಂಬರ್ ಹಾಕಬೇಡಿ.

ರೆಸ್ಯೂಮೆ ಮತ್ತು ಫೀಡ್‌ಬ್ಯಾಕ್ ಫಾರ್ಮ್

ರೆಸ್ಯೂಮೆ ಒಂದೇ ಪುಟ, ಪಿಡಿಎಫ್, ಹೆಸರು `4XX22EC031_Resume.pdf` ಎಂಬ ಮಾದರಿಯಲ್ಲಿ. ಹತ್ತು ದಿನ ಮೊದಲು ಬರಬೇಕು. ತಂದೆಯ ಉದ್ಯೋಗ, ಜಾತಿ, ಧರ್ಮ, ಮನೆಯ ಪೂರ್ತಿ ವಿಳಾಸ, ಆಧಾರ್ ಸಂಖ್ಯೆ ಇದ್ದರೆ ತೆಗೆಸಿ. ಹಳೆಯ ಮಾದರಿ ನೋಡಿ ಬರೆದವರಲ್ಲಿ ಇವು ಇನ್ನೂ ಇರುತ್ತವೆ, ಕೊನೆಯಲ್ಲಿ “ಮೇಲಿನದೆಲ್ಲ ಸತ್ಯ” ಎಂಬ ಘೋಷಣೆಯೂ ಇರುತ್ತದೆ. ಒಬ್ಬ ಸ್ವಯಂಸೇವಕರಿಗೆ ಅವರ ಐದು ರೆಸ್ಯೂಮೆ ಮಾತ್ರ, ಬುಧವಾರ ಬೀಗ ಬಿದ್ದ ಮೇಲೆ ಕಳಿಸಿ.

ಫಾರ್ಮ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಡೀ ದಿನದಿಂದ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವುದು ಅದೊಂದೇ. ನಾಲ್ಕು ಬಾಬತ್ತಿಗೆ ಅಂಕ ಇರಲಿ: ಸ್ವಪರಿಚಯ, ಪ್ರಾಜೆಕ್ಟ್ ವಿವರಣೆ, ವಿಷಯದ ಬುನಾದಿ, ಗೊತ್ತಿಲ್ಲದ ಪ್ರಶ್ನೆ ಬಂದಾಗ ಯೋಚಿಸುವ ರೀತಿ. ಅಂಕ 1ರಿಂದ 4. ಐದರವರೆಗೆ ಇಟ್ಟರೆ ಯಾರಿಗೂ ನೋವಾಗದಿರಲೆಂದು ಎಲ್ಲರಿಗೂ 3 ಬೀಳುತ್ತದೆ. ನಾಲ್ಕಿದ್ದರೆ ನಡುವಿನ ಅಂಕವಿಲ್ಲ, ಈ ಕಡೆಯೋ ಆ ಕಡೆಯೋ ತೀರ್ಮಾನಿಸಲೇಬೇಕು.

ಅಂಕಗಳ ಕೆಳಗೆ ಮೂರು ಖಾಲಿ ಜಾಗ. ಒಂದು: ವಿದ್ಯಾರ್ಥಿ ಎಲ್ಲಿ ಸಿಕ್ಕಿಬಿದ್ದ, ಆ ಪ್ರಶ್ನೆ ಮತ್ತು ಅವನು ಕೊಟ್ಟ ಉತ್ತರ, ಅವನ ಮಾತಿನಲ್ಲೇ. ಎರಡು: ಮುಂದಿನ ಮೂರು ವಾರದಲ್ಲಿ ಮಾಡಬೇಕಾದ ಒಂದೇ ಒಂದು ಕೆಲಸ. ಮೂರು: ತೊಡಕು ವಿಷಯದ್ದೋ, ಇಂಗ್ಲಿಷಿನದೋ?

ಈ ಮೂರನೆಯದು ನಮ್ಮ ಜಿಲ್ಲೆಗಳ ಕಾಲೇಜುಗಳಿಗೆ ಬಹಳ ಮುಖ್ಯ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರು ತರಗತಿಯಲ್ಲಿ ಗಣನೀಯವಾಗಿ ಇರುತ್ತಾರೆ. ಅವರು ತಡವರಿಸಿದಾಗ “ವಿಷಯ ಗೊತ್ತಿಲ್ಲ” ಎಂದು ಬರೆದುಬಿಟ್ಟರೆ ಮೂರು ವಾರ ತಪ್ಪು ಪುಸ್ತಕ ಓದುತ್ತಾರೆ. ಇಂಟರ್‌ವ್ಯೂ ಮಾಡುವವರು ಹೀಗೆ ಮಾಡಬಹುದು: ಉತ್ತರ ಬಾರದಿದ್ದಾಗ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಹೇಳಲು ಬಿಡಿ. ಸರಿಯಾಗಿ ಹೇಳಿದರೆ ತೊಡಕು ಇಂಗ್ಲಿಷಿನದು, ಅವನು ಮಾಡಬೇಕಾದ್ದು ಅದೇ ಉತ್ತರಗಳನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡುವುದು. ಕನ್ನಡದಲ್ಲೂ ಬಾರದಿದ್ದರೆ ವಿಷಯ ಓದಬೇಕು. ಎರಡಕ್ಕೂ ಮದ್ದು ಬೇರೆ ಬೇರೆ.

ಒಂದು ಫಾರ್ಮ್ ಹೇಗಿರಬೇಕು ಎಂಬುದಕ್ಕೆ ಉದಾಹರಣೆ ನೋಡಿ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ, ಪ್ರಾಜೆಕ್ಟ್ ಇಎಸ್‌ಪಿ32 ಬೋರ್ಡ್ ಬಳಸಿ ಮಣ್ಣಿನ ತೇವ ಅಳೆದು ಅಡಿಕೆ ತೋಟಕ್ಕೆ ತಾನಾಗಿ ನೀರು ಬಿಡುವ ವ್ಯವಸ್ಥೆ. ಕಳಪೆ ಫಾರ್ಮ್‌ನಲ್ಲಿ “ಪ್ರಾಜೆಕ್ಟ್ ಚೆನ್ನಾಗಿದೆ, ಆತ್ಮವಿಶ್ವಾಸ ಬೇಕು” ಎಂದಿರುತ್ತದೆ. ಒಳ್ಳೆಯ ಫಾರ್ಮ್‌ನಲ್ಲಿ ಇಷ್ಟಿರುತ್ತದೆ: “ಸೆನ್ಸರ್‌ನ ರೀಡಿಂಗ್ 0ಯಿಂದ 4095ರವರೆಗೆ ಏಕೆ ಬರುತ್ತದೆ ಎಂದು ಕೇಳಿದೆ. ‘ಕೋಡ್‌ನಲ್ಲಿ ಹಾಗೆ ಇದೆ ಸರ್’ ಎಂದರು. ಎಡಿಸಿ 12 ಬಿಟ್‌ನದು ಎಂಬುದು ಹೊಳೆಯಲಿಲ್ಲ. ಲೋಹದ ಕಡ್ಡಿಯ ರೆಸಿಸ್ಟಿವ್ ಸೆನ್ಸರ್ ಬಿಟ್ಟು ಕೆಪಾಸಿಟಿವ್ ಸೆನ್ಸರ್ ಏಕೆ ಆರಿಸಿದಿರಿ ಎಂದಾಗ ಕಡ್ಡಿ ಮಣ್ಣಿನಲ್ಲಿ ತುಕ್ಕು ಹಿಡಿದು ಸವೆಯುತ್ತದೆ ಎಂದು ಚೆನ್ನಾಗಿ ವಿವರಿಸಿದರು. ಮಾಡಬೇಕಾದ್ದು: ಸರ್ಕ್ಯೂಟ್‌ನ ಪ್ರತಿ ಬ್ಲಾಕ್‌ಗೆ ಏನು ಒಳಗೆ ಬರುತ್ತದೆ, ಏನು ಹೊರಗೆ ಹೋಗುತ್ತದೆ, ಎಷ್ಟರಿಂದ ಎಷ್ಟರವರೆಗೆ ಎಂದು ಒಂದು ಹಾಳೆಯಲ್ಲಿ ಬರೆದು ಕಲಿಯುವುದು.” ಇದನ್ನು ಓದಿದವಳಿಗೆ ಅಂದು ಸಂಜೆಯೇ ಕೆಲಸ ಶುರುಮಾಡಲು ಗೊತ್ತಾಗುತ್ತದೆ.

ಗುರುವಾರ ರಾತ್ರಿಯ ಅರ್ಧ ಗಂಟೆಯ ಮಾತುಕತೆಯಲ್ಲಿ ಸ್ವಯಂಸೇವಕರಿಗೆ ಈ ಎರಡು ಫಾರ್ಮ್ ತೋರಿಸಿ. ಒಳ್ಳೆಯ ಫಾರ್ಮ್‌ಗೆ ಅವರು ಪ್ರಾಜೆಕ್ಟ್ ಬಾಬತ್ತಿನಲ್ಲಿ ಎಷ್ಟು ಅಂಕ ಕೊಡುತ್ತಾರೆ ಎಂದು ಕೇಳಿ. ಒಬ್ಬರು 1, ಮತ್ತೊಬ್ಬರು 3 ಎನ್ನುತ್ತಾರೆ. ಅಲ್ಲೇ ಚರ್ಚಿಸಿ ಒಂದು ಅಳತೆಗೆ ಬರಲಿ. ಇನ್ನೆರಡು ವಿಷಯ ಖಡಾಖಂಡಿತವಾಗಿ ಹೇಳಬೇಕು. ಕಂಪನಿಯಲ್ಲಿ ಕೆಲಸ ಕೊಡಿಸುವ ಮಾತಾಗಲಿ, ಕಂಪನಿಯ ಒಳಗಿನ ಪ್ರಶ್ನೆಗಳಾಗಲಿ ಬೇಡ. ವಿದ್ಯಾರ್ಥಿಗಳ ಸ್ವಂತ ನಂಬರ್ ಕೇಳುವುದಾಗಲಿ, ಆಮೇಲೆ ನೇರ ಸಂಪರ್ಕಿಸುವುದಾಗಲಿ ಬೇಡ, ಏನಿದ್ದರೂ ಸೆಲ್ ಮೂಲಕ. ಕೋಣೆಯ ಬಾಗಿಲು ತೆರೆದಿರುತ್ತದೆ, ಆನ್‌ಲೈನ್‌ನಲ್ಲಿ ಸೆಲ್‌ನ ಒಬ್ಬ ಸದಸ್ಯ ಯಾವಾಗ ಬೇಕಾದರೂ ಒಳಗೆ ಬರಬಹುದು ಎಂಬುದನ್ನೂ ತಿಳಿಸಿ. ರೆಕಾರ್ಡಿಂಗ್ ಬೇಕಾದರೆ ಇಬ್ಬರೂ ಮೊದಲೇ ಒಪ್ಪಿರಬೇಕು, ಫೈಲ್ ವಿದ್ಯಾರ್ಥಿಯ ಬಳಿ ಮಾತ್ರ ಇರಬೇಕು.

ವಿದ್ಯಾರ್ಥಿಗಳ ತಯಾರಿ

ಇಂಟರ್‌ವ್ಯೂಗೆ ಹತ್ತು ದಿನ ಇರುವಾಗ ಅರ್ಧ ದಿನದ ಒಂದು ತರಗತಿ ಇಟ್ಟು ಕೆಳಗಿನದನ್ನು ಮಾಡಿಸಿ. ಬರೀ ಹೇಳಿ ಕಳಿಸಿದರೆ ಯಾರೂ ಮಾಡುವುದಿಲ್ಲ.

ರೆಸ್ಯೂಮೆಯ ಒಂದೊಂದು ಸಾಲಿನ ಪಕ್ಕದಲ್ಲೂ ಮೂರು ಪ್ರಶ್ನೆ ಬರೆಯಲಿ: ಇದು ಏನು, ನೀನು ಹೇಗೆ ಮಾಡಿದೆ, ಬೇರೆ ರೀತಿ ಏಕೆ ಮಾಡಲಿಲ್ಲ. ಮೂರಕ್ಕೂ ಉತ್ತರ ಇಲ್ಲದ ಸಾಲನ್ನು ಅಳಿಸಬೇಕು. ಪೈಥಾನ್, ಜಾವಾ, ಸಿ, ಮಷೀನ್ ಲರ್ನಿಂಗ್, ಕ್ಲೌಡ್ ಎಂದು ಉದ್ದಕ್ಕೆ ಪಟ್ಟಿ ಬರೆದವನನ್ನು ಪಟ್ಟಿಯ ಕೊನೆಯ ಪದದ ಮೇಲೇ ಕೇಳುತ್ತಾರೆ.

ಸ್ವಪರಿಚಯ 60ರಿಂದ 90 ಸೆಕೆಂಡ್. ಹೆಸರು, ಊರು, ಶಾಖೆ ಎರಡು ವಾಕ್ಯದಲ್ಲಿ ಮುಗಿಯಲಿ. ಉಳಿದದ್ದು ತಾನು ಮಾಡಿದ ಒಂದು ಕೆಲಸ ಮತ್ತು ಅದರಲ್ಲಿ ತನ್ನ ಪಾಲು. ಅಪ್ಪ ಅಮ್ಮ ಏನು ಮಾಡುತ್ತಾರೆ, ಹವ್ಯಾಸ ಏನು ಎಂಬುದು ಬೇಡ. ಪೂರ್ತಿ ಬಾಯಿಪಾಠ ಮಾಡಿದವರನ್ನು ಗುರುತಿಸುವುದು ಸುಲಭ: ನಡುವೆ ಒಂದು ಪ್ರಶ್ನೆ ಹಾಕಿದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಆದ್ದರಿಂದ ಪೂರ್ತಿ ವಾಕ್ಯ ಬರೆಯದೆ ಐದು ಪದಗಳ ಚೀಟಿ ಮಾತ್ರ ಇಟ್ಟುಕೊಂಡು ಹೇಳಿಸಿ. ಪಕ್ಕದವನು ಮೊಬೈಲ್‌ನಲ್ಲಿ ಹೊತ್ತು ನೋಡಲಿ.

ಪ್ರಾಜೆಕ್ಟ್‌ಗೆ ಒಂದೇ ಅಭ್ಯಾಸ. ಖಾಲಿ ಹಾಳೆಯ ಮೇಲೆ ಎರಡು ನಿಮಿಷದಲ್ಲಿ ಬ್ಲಾಕ್ ಚಿತ್ರ ಬಿಡಿಸುತ್ತ ವಿವರಿಸಬೇಕು. “ನಾವು ಮಾಡಿದೆವು” ಎಂದಾಗಲೆಲ್ಲ ಎದುರು ಕೂತವರು “ನೀನು ಮಾಡಿದ್ದು ಯಾವುದು?” ಎಂದು ತಡೆಯಲಿ. ಕೆಲಸ ಮಾಡದ ಭಾಗ, ಕೆಟ್ಟುಹೋದ ಭಾಗದ ಬಗ್ಗೆಯೂ ಒಂದು ಉತ್ತರ ಸಿದ್ಧವಿರಲಿ. ಅನುಭವಿ ಇಂಟರ್‌ವ್ಯೂವರ್‌ಗಳು ಅದನ್ನೇ ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ಕೈಯಾರೆ ಮಾಡಿದವರಿಗೆ ಮಾತ್ರ ಅದು ಗೊತ್ತಿರುತ್ತದೆ.

ವಿಷಯಗಳಲ್ಲಿ ಎರಡನ್ನೇ ಆರಿಸಿಕೊಳ್ಳಲಿ. “ನಿನಗೆ ಇಷ್ಟವಾದ ವಿಷಯ ಯಾವುದು?” ಎಂಬ ಪ್ರಶ್ನೆಗೆ ಹೇಳುವ ಹೆಸರಿನ ಮೇಲೆ ಮುಂದಿನ ಹತ್ತು ನಿಮಿಷ ನಿಂತಿರುತ್ತದೆ. ಕಂಪ್ಯೂಟರ್‌ನವರು ಹೆಚ್ಚಾಗಿ ಡಿಬಿಎಂಎಸ್ ಎನ್ನುತ್ತಾರೆ. ಹಾಗೆ ಹೇಳುವವರಿಗೆ ಒಂದು ಟೇಬಲ್‌ನಿಂದ ಎರಡನೇ ಅತಿ ಹೆಚ್ಚು ಸಂಬಳ ತೆಗೆಯುವ ಕ್ವೆರಿಯನ್ನು ಕಾಗದದ ಮೇಲೆ ಬರೆಯಲು ಬರಬೇಕು, ಇಬ್ಬರಿಗೆ ಒಂದೇ ಸಂಬಳ ಇದ್ದರೆ ಏನಾಗುತ್ತದೆ ಎಂದೂ ಹೇಳಲು ಬರಬೇಕು. ಕೋಡ್ ಬರೆಯುವಾಗ ಮೌನ ಕೂಡದು. ಏನು ಯೋಚಿಸುತ್ತಿದ್ದೇನೆ ಎಂದು ಹೇಳುತ್ತಲೇ ಬರೆಯುವ ಅಭ್ಯಾಸಕ್ಕೆ ದಿನಕ್ಕೆ ಎರಡು ಸುಲಭ ಲೆಕ್ಕ, ಪೆನ್ನಿನಿಂದ, ಸಾಕು.

ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಸರ್” ಎಂದು ಸುಮ್ಮನಾಗುವುದೂ ತಪ್ಪು, ಏನೋ ಒಂದು ಕಟ್ಟಿ ಹೇಳುವುದು ಇನ್ನೂ ತಪ್ಪು. “ಇದು ನನಗೆ ಗೊತ್ತಿಲ್ಲ. ಇದಕ್ಕೆ ಹತ್ತಿರದ ಇಂಥದ್ದು ಗೊತ್ತಿದೆ, ಅದರಿಂದ ಊಹಿಸಬಹುದೇ?” ಎನ್ನುವುದನ್ನು ಅಭ್ಯಾಸ ಮಾಡಿಸಿ. ಬ್ಯಾಕ್‌ಲಾಗ್ ಅಥವಾ ಕಡಿಮೆ ಅಂಕದ ಪ್ರಶ್ನೆಗೆ ಒಂದು ವಾಕ್ಯದ ನಿಜವಾದ ಕಾರಣ, ಆಮೇಲೆ ಹೇಗೆ ಪಾಸಾದೆ ಎಂಬ ಇನ್ನೊಂದು ವಾಕ್ಯ. ಅಲ್ಲಿಗೆ ನಿಲ್ಲಿಸಬೇಕು.

ಅಂದು ಇಪ್ಪತ್ತು ನಿಮಿಷ ಮೊದಲು ಬರುವುದು, ರೆಸ್ಯೂಮೆಯ ಎರಡು ಪ್ರತಿ, ಪೆನ್ನು, ನಾಲ್ಕು ಖಾಲಿ ಹಾಳೆ. ನಿಜವಾದ ಇಂಟರ್‌ವ್ಯೂಗೆ ಹಾಕುವ ಬಟ್ಟೆ, ಶೂ ಅಂದೇ ಹಾಕಿಕೊಂಡು ಬರಲಿ. ಹೊಸ ಶೂ ಕಚ್ಚುತ್ತದೆಯೇ ಎಂಬುದು ಇಲ್ಲೇ ತಿಳಿಯುವುದು ಒಳ್ಳೆಯದು.

ಆ ದಿನ ಕೆಡುವುದು ಎಲ್ಲಿ

ಮುಖ್ಯ ತೊಂದರೆ ವಿಳಂಬ. ಮೊದಲ ಸ್ಲಾಟ್‌ನಲ್ಲೇ ಹತ್ತು ನಿಮಿಷ ಜಾರಿದರೆ ಐದನೆಯವನಿಗೆ ಫೀಡ್‌ಬ್ಯಾಕ್ ಇಲ್ಲದೆ ಹೋಗುತ್ತದೆ. ಐದು ಪ್ಯಾನೆಲ್‌ಗೆ ಒಬ್ಬ ವಿದ್ಯಾರ್ಥಿ ಸಂಯೋಜಕನನ್ನು ನಿಲ್ಲಿಸಿ. 25ನೇ ನಿಮಿಷಕ್ಕೆ ಬಾಗಿಲು ತಟ್ಟುವುದು, ಆನ್‌ಲೈನ್ ಆದರೆ ಚಾಟ್‌ನಲ್ಲಿ “25” ಎಂದು ಹಾಕುವುದು ಅವನ ಕೆಲಸ. ಹಾಗೂ ತಡವಾದರೆ ಟೀ ವಿರಾಮದ ಹದಿನೈದು ನಿಮಿಷದಲ್ಲಿ ಸರಿಹೋಗುತ್ತದೆ, ಅದಕ್ಕೇ ಆ ವಿರಾಮವನ್ನು ಮೂರನೇ ಸ್ಲಾಟ್‌ನ ನಂತರ ಇಟ್ಟಿರುವುದು.

ವಿದ್ಯಾರ್ಥಿ ಹತ್ತು ನಿಮಿಷವಾದರೂ ಬಾರದಿದ್ದರೆ ಕಾಯುವ ಪಟ್ಟಿಯಲ್ಲಿರುವವನನ್ನು ಕಳಿಸಿ. ಮೊದಲ ಶನಿವಾರದ ಈ ಪಟ್ಟಿಗೆ ಎರಡನೇ ಶನಿವಾರದ ಸ್ಲಾಟ್ ಇರುವ, ಹಾಸ್ಟೆಲ್‌ನಲ್ಲೇ ಇರುವ ಐದು ಮಂದಿಯನ್ನು ಮೊದಲೇ ಒಪ್ಪಿಸಿ ಇಟ್ಟಿರಬೇಕು. ಅವರು ಅಂದೇ ಮುಗಿಸಿದರೆ ಅವರ ಸ್ಲಾಟ್ ತಪ್ಪಿಸಿಕೊಂಡವನಿಗೆ ಹೋಗುತ್ತದೆ.

ಹೊರಗಿನಿಂದ ನೋಡಿದರೆ ಕಾಣದ ಕೆಡುಕು ಒಂದಿದೆ: ಇಂಟರ್‌ವ್ಯೂ ಮಾಡುವವರೇ ಮಾತಾಡುತ್ತಿರುವುದು. ಸಂಯೋಜಕ ಬಾಗಿಲ ಬಳಿ ಹಾದುಹೋಗುವಾಗ ಎರಡು ಮೂರು ಸಲವೂ ಅವರದೇ ದನಿ ಕೇಳಿಸಿದರೆ ಟೀ ಹೊತ್ತಿನಲ್ಲಿ ಸೆಲ್‌ನ ಮುಖ್ಯಸ್ಥರು ನಯವಾಗಿ ಹೇಳಬೇಕು. “ಸರ್, ಸಲಹೆ ಕೊನೆಯ ಹತ್ತು ನಿಮಿಷಕ್ಕೆ ಇಡೋಣ, ಮೊದಲು ಹುಡುಗರು ಪೂರ್ತಿ ಮಾತಾಡಲಿ” ಎಂದರೆ ಯಾರೂ ಬೇಸರಿಸುವುದಿಲ್ಲ.

ಫಾರ್ಮ್‌ಗಳನ್ನು ಪ್ರತಿ ಸ್ಲಾಟ್ ಮುಗಿದಾಗಲೇ ತೆಗೆದುಕೊಳ್ಳಿ. “ಮನೆಗೆ ಹೋಗಿ ತುಂಬಿ ಕಳಿಸುತ್ತೇನೆ” ಎಂದ ಫಾರ್ಮ್ ಬರುವುದಿಲ್ಲ. ಬಂದರೂ ಐದು ಮಂದಿಯ ಮುಖ ಕಲಸಿಹೋಗಿರುತ್ತದೆ.

ಆಮೇಲಿನ ಮೂರು ವಾರ

ಫಾರ್ಮ್ ಭಾನುವಾರ ಸಂಜೆಯೊಳಗೆ ವಿದ್ಯಾರ್ಥಿಗೆ ಸೇರಬೇಕು, ಅವನಿಗೆ ಮಾತ್ರ. ಅಂಕಗಳನ್ನು ನೋಟಿಸ್ ಬೋರ್ಡ್‌ಗೆ ಹಾಕುವುದು, ಕಂಪನಿಗೆ ಕೊಡುವುದು, ಪ್ಲೇಸ್‌ಮೆಂಟ್‌ಗೆ ಕೂರಲು ಅರ್ಹತೆಯಾಗಿ ಬಳಸುವುದು, ಮೂರೂ ಕೂಡದು. ಒಮ್ಮೆ ಹಾಗೆ ಮಾಡಿದರೆ ಮುಂದಿನ ಬ್ಯಾಚ್ ಬಾಯಿಪಾಠ ಮಾಡಿಕೊಂಡೇ ಬರುತ್ತದೆ, ಗೊತ್ತಿಲ್ಲದ್ದನ್ನು ಬಿಚ್ಚಿಡುವ ಧೈರ್ಯ ಯಾರಿಗೂ ಇರುವುದಿಲ್ಲ.

ಸೆಲ್ ತನ್ನ ಬಳಿ ಹೆಸರಿಲ್ಲದ ಮೊತ್ತ ಮಾತ್ರ ಇಟ್ಟುಕೊಳ್ಳಲಿ. ಶಾಖೆಯೊಂದರಲ್ಲಿ ಮೂವರಲ್ಲಿ ಒಬ್ಬರಿಗೆ ಒಂದೇ ಬಾಬತ್ತಿನಲ್ಲಿ 1 ಅಥವಾ 2 ಬಿದ್ದಿದ್ದರೆ ಅದು ವಿದ್ಯಾರ್ಥಿಗಳ ತಪ್ಪಲ್ಲ, ತರಗತಿಯಲ್ಲೇ ಕಲಿಸಬೇಕಾದದ್ದು ಉಳಿದಿದೆ. ಉದಾಹರಣೆಗೆ ಮೆಕ್ಯಾನಿಕಲ್‌ನ 24ರಲ್ಲಿ ಎಂಟು ಮಂದಿಗೆ ಡ್ರಾಯಿಂಗ್ ಓದಿ ಟಾಲರೆನ್ಸ್ ಹೇಳಲು ಬಾರದಿದ್ದರೆ ವಿಭಾಗದ ಮೇಷ್ಟ್ರಿಂದ ಎರಡು ಗಂಟೆಯ ತರಗತಿ ಮಾಡಿಸಿ, ಎಲ್ಲರನ್ನೂ ಕೂರಿಸಿ.

ಎರಡನೇ ಸುತ್ತು ಎಲ್ಲರಿಗೂ ಬೇಡ. ಯಾವುದಾದರೂ ಒಂದು ಬಾಬತ್ತಿನಲ್ಲಿ 1 ಬಂದವರು ಮತ್ತು ತಾವಾಗಿ ಕೇಳಿದವರು ಸಾಕು. 30 ಮಂದಿ ಎಂದಿಟ್ಟುಕೊಂಡರೆ ಒಬ್ಬರಿಗೆ 20 ನಿಮಿಷದಂತೆ ಒಂದು ಪ್ಯಾನೆಲ್ ಮೂರು ಗಂಟೆಯಲ್ಲಿ 9 ಮಂದಿಯನ್ನು ನೋಡಬಹುದು, ಆದ್ದರಿಂದ ನಾಲ್ಕು ಪ್ಯಾನೆಲ್ ಬೇಕು. ಈ ಸಲ ಇಂಟರ್‌ವ್ಯೂ ಮಾಡುವವರು ಬೇರೆಯವರಾಗಿರಲಿ. ವಿದ್ಯಾರ್ಥಿ ಒಪ್ಪಿದರೆ ಹಳೆಯ ಫಾರ್ಮ್‌ನಿಂದ “ಮಾಡಬೇಕಾದ ಒಂದು ಕೆಲಸ” ಎಂಬ ಸಾಲನ್ನು ಮಾತ್ರ ಅವರಿಗೆ ಕೊಡಿ, ಅಂಕ ಕೊಡಬೇಡಿ. ಮೊದಲ ಪ್ರಶ್ನೆ ಅಲ್ಲಿಂದಲೇ ಶುರುವಾಗಲಿ: “ನಿಮ್ಮ ಸರ್ಕ್ಯೂಟ್‌ನ ಬ್ಲಾಕ್‌ಗಳನ್ನು ಬಿಡಿಸಿ, ಒಂದೊಂದರ ಒಳಗೂ ಹೊರಗೂ ಏನು ಬರುತ್ತದೆ ಹೇಳಿ.”